ಕರಿ ಕುಪ್ಯ ಯಾರದ್ದು? ಲಾಂಡ್ರಿ ಟ್ಯಾಗಿನ ಲೆಕ್ಕ

ಪ್ರಶ್ನೆ: ಸರ್, ವಿರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಲಾಂಡ್ರಿ ಇದೆ. ನೀರಿನ ಬಟ್ಟೆ ಇಲ್ಲೇ ಒಗೆಯುತ್ತೇವೆ, ಡ್ರೈಕ್ಲೀನಿಂಗಿನದು ಮೈಸೂರಿಗೆ ಕಳಿಸುತ್ತೇವೆ. ಬಿಲ್ಲಿನ ಚೂರಿನ ಮೇಲೆ ಹೆಸರು ಬರೆದು ಬಟ್ಟೆಗೆ ಸ್ಟೇಪಲ್ ಹೊಡೆಯುವುದು ನಮ್ಮ ರೂಢಿ. ಈ ಸಲ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಎರಡು ಕರಿ ಕುಪ್ಯ, ಅಂದರೆ ಕೊಡವ ಗಂಡಸರು ತೊಡುವ ಉದ್ದ ಕೋಟು, ಅಂಗಡಿಯಲ್ಲಿ ಉಳಿದಿವೆ. ತಮ್ಮ ಕುಪ್ಯ ಸಿಕ್ಕಿಲ್ಲ ಎನ್ನುವವರೂ ಇಬ್ಬರಿದ್ದಾರೆ, ಆದರೆ ಎರಡನ್ನೂ ನೋಡಿ ಇಬ್ಬರೂ ‘ಇದು ನಮ್ಮದಲ್ಲ’ ಎಂದರು. ಸೂಟು, ಹೋಂಸ್ಟೇ ಬೆಡ್‌ಶೀಟುಗಳ ಲೆಕ್ಕದಲ್ಲೂ ಜಗಳ ತಪ್ಪುತ್ತಿಲ್ಲ. ಸರಿಯಾದ ಟ್ಯಾಗ್ ಪದ್ಧತಿ ಹೇಗಿರಬೇಕು? ಬಾರ್‌ಕೋಡ್ ಮೆಷಿನ್ ತೆಗೆದುಕೊಳ್ಳಲೇಬೇಕೇ?

ಉತ್ತರ: ಮೊದಲು ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ. ಮೈಸೂರಿನ ಒಂದು ಡ್ರೈಕ್ಲೀನಿಂಗ್ ಘಟಕದಲ್ಲಿ ಕೊಡಗಿನ ಗಂಟುಗಳನ್ನು ಬಿಚ್ಚಿ ಎಣಿಸುವ ಕೆಲಸದಿಂದ ಶುರುಮಾಡಿದವನು ನಾನು. ಆಮೇಲೆ ಮಡಿಕೇರಿಯಲ್ಲಿ ಸ್ವಂತ ಅಂಗಡಿ ನಡೆಸಿದೆ. ಅಂದರೆ ನಿಮ್ಮ ಗಂಟು ಆ ತುದಿಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನೂ ನೋಡಿದ್ದೇನೆ, ಗಿರಾಕಿ ಕೌಂಟರಿನ ಮುಂದೆ ನಿಂತು ‘ನಮ್ಮ ಅಪ್ಪನ ಕುಪ್ಯ ಎಲ್ಲಿ’ ಎಂದು ಕೇಳುವಾಗ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನೂ ಅನುಭವಿಸಿದ್ದೇನೆ.

ಬಾರ್‌ಕೋಡಿನ ಮಾತು ಈಗಲೇ ಮುಗಿಸೋಣ: ಬೇಡ. ದಿನಕ್ಕೆ ಇಪ್ಪತ್ತು ಮೂವತ್ತು ಬಿಲ್ ಆಗುವ ಅಂಗಡಿಗೆ ಅದು ಅನಗತ್ಯ. ಎಣಿಸದೆ ಒಳಗೆ ತೆಗೆದುಕೊಂಡ ಬಟ್ಟೆಯನ್ನು ಬಾರ್‌ಕೋಡ್ ಎಣಿಸಿಕೊಡುವುದಿಲ್ಲ. ನಿಮ್ಮ ತೊಂದರೆ ಇರುವುದು ಮೆಷಿನ್ ಇಲ್ಲದ್ದರಲ್ಲಿ ಅಲ್ಲ. ನಿಮ್ಮ ಚೀಟಿ ‘ಇದು ಯಾರದ್ದು’ ಎಂದು ಮಾತ್ರ ಹೇಳುತ್ತದೆ, ‘ಇದರ ಜೊತೆ ಇನ್ನೆಷ್ಟು ಇರಬೇಕು’ ಎಂದು ಹೇಳುವುದಿಲ್ಲ. ಯಾರದ್ದು ಎಂಬುದನ್ನಾದರೂ ನೆಟ್ಟಗೆ ಹೇಳುತ್ತದೆಯೇ ಎಂದರೆ ಅದೂ ಇಲ್ಲ. ನಮ್ಮ ಊರುಗಳಲ್ಲಿ ಪೊನ್ನಪ್ಪ, ಬೋಪಣ್ಣ, ಕಾರ್ಯಪ್ಪ ಎಷ್ಟು ಜನ ಬೇಕು? ಮನೆಹೆಸರು ಸೇರಿಸಿದರೂ ಒಂದು ಒಕ್ಕದವರೆಲ್ಲರಿಗೂ ಅದೇ ಮನೆಹೆಸರು, ಹಬ್ಬಕ್ಕೆ ಎಲ್ಲರೂ ಒಂದೇ ವಾರ ಕುಪ್ಯ ತಂದುಕೊಡುತ್ತಾರೆ. ಹೆಸರು ಬಿಲ್ಲಿನಲ್ಲಿರಲಿ. ಬಟ್ಟೆಯ ಮೇಲೆ ಸಂಖ್ಯೆ ಮಾತ್ರ ಇರಲಿ.

ಆ ಸಂಖ್ಯೆಯಲ್ಲಿ ಎರಡು ಭಾಗ ಬೇಕು. ಬಿಲ್ ನಂಬರ್ ಒಂದು, ‘ಎಷ್ಟರಲ್ಲಿ ಎಷ್ಟನೆಯದು’ ಎಂಬುದು ಇನ್ನೊಂದು. 412 – 3/8 ಎಂದು ಬರೆದರೆ 412ನೇ ಬಿಲ್ಲಿನ ಎಂಟು ಬಟ್ಟೆಗಳಲ್ಲಿ ಇದು ಮೂರನೆಯದು ಎಂದರ್ಥ. ಈ ‘/8’ ಎಂಬ ಎರಡು ಗುರುತು ಬರೆಯಲು ಒಂದು ಕ್ಷಣವೂ ಬೇಡ, ಆದರೆ ಇಡೀ ಪದ್ಧತಿ ನಿಂತಿರುವುದೇ ಅದರ ಮೇಲೆ. ಈ ಟ್ಯಾಗ್ ಇರುವ ಒಂದೇ ಒಂದು ಬಟ್ಟೆ ಕೈಗೆ ಸಿಕ್ಕರೂ ಬಿಲ್ ಬುಕ್ ತೆರೆಯದೆ ಇನ್ನೂ ಏಳು ಬರಬೇಕು ಎಂದು ಗೊತ್ತಾಗುತ್ತದೆ. ನಿಮ್ಮ ಹುಡುಗನಿಗೂ ಗೊತ್ತಾಗುತ್ತದೆ, ಮೈಸೂರಿನಲ್ಲಿ ಪ್ಯಾಕ್ ಮಾಡುವವನಿಗೂ ಗೊತ್ತಾಗುತ್ತದೆ.

ಈಗ ಎಣಿಕೆಗೆ ಬರೋಣ. ಸೂಟಿನ ಜಗಳ ಹುಟ್ಟುವುದು ಇಲ್ಲೇ. ಗಿರಾಕಿ ದರದ ಲೆಕ್ಕದಲ್ಲಿ ಮಾತಾಡುತ್ತಾರೆ, ಹ್ಯಾಂಗರ್ ಬಟ್ಟೆಯ ಲೆಕ್ಕದಲ್ಲಿ ಮಾತಾಡುತ್ತದೆ. ಒಬ್ಬರು ಬಂದು ‘ಎರಡು ಕುಪ್ಯ, ಒಂದು ಸೂಟು, ಒಂದು ಸೀರೆ’ ಎನ್ನುತ್ತಾರೆ. ಬಾಯಲ್ಲಿ ನಾಲ್ಕು. ಕೌಂಟರಿನ ಮೇಲೆ ಹರಡಿ ನೋಡಿ: ಕುಪ್ಯ ಎರಡು, ಅವುಗಳ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆ ಎರಡು, ಕೋಟು ಒಂದು, ಪ್ಯಾಂಟು ಒಂದು, ಸೀರೆ ಒಂದು, ಅದರೊಳಗೆ ಮಡಚಿಟ್ಟ ಬ್ಲೌಸು ಒಂದು. ಒಟ್ಟು ಎಂಟು. ಬಿಲ್ಲಿನಲ್ಲಿ ‘4’ ಎಂದು ಬರೆದುಕೊಂಡರೆ ಹದಿನೈದು ದಿನದ ಮೇಲೆ ಬ್ಲೌಸ್ ಇತ್ತೋ ಇಲ್ಲವೋ ಎಂಬುದಕ್ಕೆ ಯಾರ ಬಳಿಯೂ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ಎರಡು ಕಾಲಂ ಹಾಕಿಸಿ, ಒಂದು ದರಕ್ಕೆ, ಇನ್ನೊಂದು ‘ತುಂಡು’ ಲೆಕ್ಕಕ್ಕೆ. ಸೂಟು ದರದಲ್ಲಿ ಒಂದು, ತುಂಡಿನಲ್ಲಿ ಎರಡು. ಬಟ್ಟೆಯಿಂದ ಬೇರೆಯಾಗಿ ಬರುವುದೆಲ್ಲವೂ ಒಂದು ತುಂಡು: ಬೆಲ್ಟು, ಟೈ, ಕಳಚುವ ಹುಡ್, ಸೀರೆಯ ಜೊತೆ ತಲೆಗೆ ಕಟ್ಟುವ ವಸ್ತ್ರ, ಗಂಡಸರು ತಲೆಗೆ ಸುತ್ತುವ ಮಂಡೆ ತುಣಿ. ದರ ಹಾಕದಿದ್ದರೂ ನಂಬರ್ ಕೊಡಬೇಕು.

ಮೇಲಿನ ಗಿರಾಕಿಯ ಬಿಲ್ಲನ್ನೇ ಕೊನೆಯವರೆಗೆ ಹಿಂಬಾಲಿಸೋಣ, ಅದಕ್ಕೆ 412 ಎಂದೇ ನಂಬರ್ ಇರಲಿ. ನಂಬರ್ ಕೊಡುವ ಕ್ರಮಕ್ಕೂ ಒಂದು ಅರ್ಥವಿರಲಿ. ಜೊತೆಯಾಗಿ ಧರಿಸುವುದು ಪಕ್ಕಪಕ್ಕದ ನಂಬರ್ ಪಡೆಯಬೇಕು. ಅಪ್ಪನ ಕುಪ್ಯ 1/8, ಅದರ ಚೇಲೆ 2/8. ಮಗನ ಕುಪ್ಯ 3/8, ಅವನ ಚೇಲೆ 4/8. ಕೋಟು 5/8, ಪ್ಯಾಂಟು 6/8. ಸೀರೆ 7/8, ಬ್ಲೌಸು 8/8. ಕುಪ್ಯ ಮೊದಲು, ಚೇಲೆಗಳೆಲ್ಲ ಕೊನೆಗೆ ಎಂದು ಬರೆದರೆ ಒಟ್ಟು ಸರಿ ಬರುತ್ತದೆ, ಆದರೆ ಅಪ್ಪನ ಚೇಲೆ ಮಗನ ಕುಪ್ಯದೊಳಗೆ ಹೋಗಿ ಮನೆಯಲ್ಲಿ ಮತ್ತೊಂದು ಗೊಣಗಾಟ ಶುರುವಾಗುತ್ತದೆ.

ಎಣಿಕೆಯ ಹೊತ್ತಿಗೆ ಎರಡು ಶಿಸ್ತು ಬೇಕು, ಅವೆರಡರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಟ್ಟವನಲ್ಲ. ಗಿರಾಕಿ ಎದುರಿಗಿರುವಾಗಲೇ ಒಂದೊಂದನ್ನೂ ಎತ್ತಿ ಹಿಡಿದು ಬಾಯಿಬಿಟ್ಟು ಎಣಿಸಬೇಕು, ಹರಿದದ್ದು, ಕಲೆ, ಬಿದ್ದ ಗುಂಡಿ ಕಂಡರೆ ಅಲ್ಲೇ ಹೇಳಿ ಬರೆಯಬೇಕು. ಇನ್ನೊಂದು, ಕೌಂಟರಿನ ಮೇಲೆ ಒಂದು ಹೊತ್ತಿಗೆ ಒಂದೇ ಬಿಲ್ಲಿನ ಬಟ್ಟೆ ಇರಬೇಕು. ಎಂಟಕ್ಕೂ ಟ್ಯಾಗ್ ಬಿದ್ದು ಬುಟ್ಟಿಗೆ ಹೋಗುವವರೆಗೆ ಮುಂದಿನವರ ಗಂಟು ಬಿಚ್ಚಬಾರದು. ‘ಇಲ್ಲಿಡಿ, ಆಮೇಲೆ ಟ್ಯಾಗ್ ಹಾಕುತ್ತೇನೆ’ ಎಂಬ ಮಾತಿನಿಂದಲೇ ನನ್ನ ಅಂಗಡಿಯಲ್ಲಿ ಮೊದಲ ಅದಲುಬದಲು ಆದದ್ದು. ಹಬ್ಬದ ಹಿಂದಿನ ಶನಿವಾರ, ಜೋರು ಮಳೆ, ಜೀಪು ನಿಲ್ಲಿಸಿಕೊಂಡು ಮೂವರು ಅವಸರ ಮಾಡುತ್ತಿದ್ದರು. ಎರಡು ಗಂಟು ಪಕ್ಕಪಕ್ಕ ಇಟ್ಟೆ. ಎರಡರ ಮೇಲೂ ಒಂದೊಂದು ಕರಿ ಕುಪ್ಯ. ಆಮೇಲೆ ಎಷ್ಟೇ ಚೆನ್ನಾಗಿ ಟ್ಯಾಗ್ ಹಾಕಿದರೂ ತಪ್ಪು ಕುಪ್ಯಕ್ಕೆ ಸರಿಯಾದ ಟ್ಯಾಗ್ ಬಿದ್ದಾಗಿತ್ತು. ಅಂಥ ತಪ್ಪನ್ನು ಮುಂದಿನ ಯಾವ ತಪಾಸಣೆಯೂ ಹಿಡಿಯುವುದಿಲ್ಲ, ಎಲ್ಲ ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ.

ನಂಬರಿನ ಸರಣಿಯ ಬಗ್ಗೆ ಒಂದು ಮಾತು. ವಾರದ ಏಳು ದಿನಕ್ಕೆ ಏಳು ಬಣ್ಣದ ಟ್ಯಾಗ್, ಪ್ರತಿದಿನ 1ರಿಂದ ನಂಬರ್ ಎಂಬುದು ಹಲವು ಕಡೆ ಇರುವ ಪದ್ಧತಿ. ಬಟ್ಟೆ ಮೂರ್ನಾಲ್ಕು ದಿನದಲ್ಲಿ ಮರಳುವ ಊರಿಗೆ ಅದು ಒಳ್ಳೆಯದೇ. ಕೊಡಗಿನ ಮಳೆಗಾಲದಲ್ಲಿ ಅದು ಕೈಕೊಡುತ್ತದೆ. ಜುಲೈಯಲ್ಲಿ ಒಗೆದದ್ದು ಒಣಗುವುದಿಲ್ಲ, ಮೈಸೂರಿನ ಗಾಡಿ ತಡವಾಗುತ್ತದೆ, ಗಿರಾಕಿ ತೋಟದಿಂದ ಪೇಟೆಗೆ ಇಳಿಯುವುದೇ ಇಲ್ಲ. ಹತ್ತು ಹದಿನೈದು ದಿನ ಬಟ್ಟೆ ಅಂಗಡಿಯಲ್ಲೇ ಉಳಿದರೆ ಈ ಮಂಗಳವಾರದ ಹಳದಿ 12ರ ಪಕ್ಕದಲ್ಲೇ ಹೋದ ಮಂಗಳವಾರದ ಹಳದಿ 12 ನೇತಾಡುತ್ತಿರುತ್ತದೆ. ಅದಕ್ಕೇ ನಾನು ದಿನಕ್ಕೆ ಬಣ್ಣ ಕೊಡುವುದನ್ನು ಬಿಟ್ಟು ಸರಣಿಗೆ ಬಣ್ಣ ಕೊಟ್ಟೆ. 001ರಿಂದ 999ರವರೆಗೆ ಒಂದೇ ಬಣ್ಣ, ಮುಗಿದ ಮೇಲೆ ಮುಂದಿನ ಬಣ್ಣ. ದಿನಕ್ಕೆ 30 ಬಿಲ್ ಆದರೆ ಒಂದು ಬಣ್ಣ 33 ದಿನ ಬರುತ್ತದೆ. ನಾಲ್ಕು ಬಣ್ಣ ಇಟ್ಟುಕೊಂಡರೆ ಅದೇ ಬಣ್ಣದ ಅದೇ ನಂಬರ್ ಮತ್ತೆ ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿರುತ್ತವೆ, ಮಳೆಗಾಲವೇ ದಾಟಿರುತ್ತದೆ. ಬಣ್ಣಗಳನ್ನು ಆರಿಸುವಾಗ ಬಿಳಿ, ಹಳದಿ, ತಿಳಿ ಹಸಿರು, ತಿಳಿ ಗುಲಾಬಿಯಂಥವು ಸಾಕು. ಗಾಢ ಬಣ್ಣದ ಟ್ಯಾಗ್ ಬೇಡ, ಒದ್ದೆಯಾದರೆ ಅದರ ಬಣ್ಣವೇ ಬಟ್ಟೆಗೆ ಇಳಿಯಬಹುದು.

ಕೈಯಲ್ಲಿ ಬರೆಯುವುದಾದರೆ 6 ಮತ್ತು 9ರ ಕೆಳಗೆ ಗೆರೆ ಎಳೆಯಿರಿ. ಟ್ಯಾಗ್ ಹೇಗೆ ಬೇಕಾದರೂ ತಿರುಗಿ ನೇತಾಡುತ್ತದೆ, 66 ತಲೆಕೆಳಗಾದರೆ 99 ಆಗುತ್ತದೆ, 168 ಹೋಗಿ 891 ಆಗುತ್ತದೆ. ಸಣ್ಣ ವಿಷಯ ಎನಿಸಬಹುದು. ಘಟಕದಲ್ಲಿದ್ದಾಗ ಇಂಥದ್ದನ್ನು ಎಷ್ಟೋ ಸಲ ತಿರುಗಿಸಿ ತಿರುಗಿಸಿ ಓದಿದ್ದೇನೆ.

ಈಗ ಟ್ಯಾಗ್ ಮತ್ತು ಶಾಯಿ. ಹಿಂದೆ ಮಡಿವಾಳರು ಬಟ್ಟೆಯ ಮೂಲೆಗೆ ಗೇರಿನ ಜಾತಿಯ ಕಾಡುಮರವೊಂದರ ಕಾಯಿರಸದಿಂದ ಗುರುತು ಹಾಕುತ್ತಿದ್ದರು, ಆಯುರ್ವೇದದವರು ಭಲ್ಲಾತಕ ಎನ್ನುತ್ತಾರಲ್ಲ, ಅದು. ಎಷ್ಟು ಕುದಿಸಿದರೂ ಹೋಗದ ಕಪ್ಪು. ಕೆಲವರ ಚರ್ಮಕ್ಕೆ ಅದು ತಾಗಿ ಬೊಬ್ಬೆ ಬರುತ್ತಿತ್ತು ಎಂಬುದು ಬೇರೆ ಮಾತು. ಆ ಗುರುತಿಗಿದ್ದ ಗುಣವನ್ನು ನಮ್ಮ ಬಾಲ್‌ಪೆನ್ನಿನಿಂದ ನಿರೀಕ್ಷಿಸಬೇಡಿ. ಬಾಲ್‌ಪೆನ್ ಶಾಯಿ ನೀರಿಗೆ ಸ್ವಲ್ಪ ತಡೆಯುತ್ತದೆ. ಆದರೆ ಡ್ರೈಕ್ಲೀನಿಂಗಿನಲ್ಲಿ ಬಳಸುವುದು ನೀರಲ್ಲ, ಪರ್ಕ್ ಅಥವಾ ಎಂಟಿಓ ಎಂಬ ದ್ರಾವಕ. ನಮ್ಮ ಜನ ಈಗಲೂ ‘ಪೆಟ್ರೋಲ್ ವಾಶ್’ ಎನ್ನುವುದು ಅದಕ್ಕೇ. ಎಣ್ಣೆ ಜಿಡ್ಡನ್ನು ಕರಗಿಸುವ ದ್ರಾವಕ ಬಾಲ್‌ಪೆನ್ ಶಾಯಿಯನ್ನೂ ಕರಗಿಸುತ್ತದೆ. ‘ಪರ್ಮನೆಂಟ್’ ಎಂದು ಬರೆದಿರುವ ಸಾಮಾನ್ಯ ಮಾರ್ಕರಿನ ಗತಿಯೂ ಅಷ್ಟೇ. ಅದು ನೀರಿಗೆ ಪರ್ಮನೆಂಟ್, ದ್ರಾವಕಕ್ಕಲ್ಲ. ನಿಮ್ಮ ಚೀಟಿಗಳು ಮೈಸೂರಿನಿಂದ ಬರುವಾಗ ಖಾಲಿ ಕಾಗದವಾಗಿಯೋ ನೀಲಿ ಕಲೆಯಾಗಿಯೋ ಬಂದಿದ್ದರೆ ಕಾರಣ ಇದೇ. ಬಿಲ್ ಮೆಷಿನ್ನಿನ ಥರ್ಮಲ್ ಕಾಗದವಂತೂ ಬೇಡವೇ ಬೇಡ, ಇಸ್ತ್ರಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ.

ತಮಾಷೆಯೆಂದರೆ ಡ್ರೈಕ್ಲೀನಿಂಗಿಗೆ ಪೆನ್ಸಿಲ್ ಚೆನ್ನಾಗಿ ತಡೆಯುತ್ತದೆ. ಪೆನ್ಸಿಲ್ಲಿನ ಕಪ್ಪು ಶಾಯಿಯಲ್ಲ, ಗ್ರಾಫೈಟ್. ದ್ರಾವಕದಲ್ಲಿ ಕರಗಲು ಅಲ್ಲಿ ಏನೂ ಇಲ್ಲ. ಆದರೆ ನೀರಿನ ಮೆಷಿನ್ನಿನಲ್ಲಿ ಉಜ್ಜಿ ಉಜ್ಜಿ ಮಾಸುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಉತ್ತರ ಬೇಕೆಂದರೆ ಮೊದಲೇ ನಂಬರ್ ಅಚ್ಚಾಗಿರುವ, ಒದ್ದೆಯಾದರೂ ಹರಿಯದ ಲಾಂಡ್ರಿ ಟ್ಯಾಗ್ ಪಟ್ಟಿಗಳನ್ನು ತರಿಸಿಕೊಳ್ಳಿ. ಒಂದೇ ನಂಬರಿನ ಹಲವು ತುಂಡು ಸಾಲಾಗಿ ಬರುತ್ತವೆ, ಹರಿದು ಹರಿದು ಹಾಕುವುದಷ್ಟೇ. ‘1/8’ ಭಾಗ ಮಾತ್ರ ನೀವು ಲಾಂಡ್ರಿ ಮಾರ್ಕಿಂಗ್ ಪೆನ್ನಿನಲ್ಲಿ ಬರೆಯಬೇಕು. ಯಾವ ಪೆನ್ನೇ ಆಗಲಿ, ಅಂಗಡಿಯವನ ಮಾತು ನಂಬುವ ಮೊದಲು ಪರೀಕ್ಷೆ ಮಾಡಿ. ಹಳೆಯ ಟವೆಲಿನ ಎರಡು ಚೂರಿಗೆ ತಲಾ ನಾಲ್ಕು ಟ್ಯಾಗ್ ಹಾಕಿ, ನಾಲ್ಕರಲ್ಲೂ ಬೇರೆ ಬೇರೆ ಪೆನ್ನಿನಿಂದ ಬರೆದು, ಒಂದು ಚೂರನ್ನು ಮೈಸೂರಿನ ಗಂಟಿನ ಜೊತೆ ಕಳಿಸಿ, ಇನ್ನೊಂದನ್ನು ನಿಮ್ಮ ಮೆಷಿನ್ನಿಗೆ ಹಾಕಿ. ಮೂರು ಸುತ್ತು ಕಳೆದು, ಮೇಲೆ ಸ್ಟೀಮ್ ಇಸ್ತ್ರಿಯೂ ಆದ ಮೇಲೆ ಓದಲು ಬರುವುದನ್ನು ಇಟ್ಟುಕೊಳ್ಳಿ.

ಸ್ಟೇಪಲ್ ನಾಳೆಯಿಂದಲೇ ನಿಲ್ಲಿಸಿ. ನಮ್ಮ ತೇವಕ್ಕೆ ಅದು ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಂದು ಚುಕ್ಕೆ ಬೀಳುತ್ತದೆ, ಕೀಳುವಾಗ ರೇಷ್ಮೆಯ ಎಳೆ ಎಳೆದುಬರುತ್ತದೆ. ಹಿತ್ತಾಳೆಯ ಸೇಫ್ಟಿ ಪಿನ್ ಪರವಾಗಿಲ್ಲ. ತೆಳು ಸೂಜಿಯ ಟ್ಯಾಗ್ ಗನ್ ಇನ್ನೂ ಬೇಗ, ಅಂಗಡಿಗಳಲ್ಲಿ ಹೊಸ ಬಟ್ಟೆಗೆ ಬೆಲೆಚೀಟಿ ಹಾಕುತ್ತಾರಲ್ಲ, ಅದೇ. ಗಿಡ್ಡ ಎಳೆಯನ್ನೇ ಕೊಳ್ಳಿ, ಉದ್ದದ್ದು ಮೆಷಿನ್ನಿನಲ್ಲಿ ಬೇರೆ ಬಟ್ಟೆಗೆ ಸುತ್ತಿಕೊಂಡು ಕಿತ್ತುಹೋಗುತ್ತದೆ. ಗನ್ ಯಾವುದೇ ಇರಲಿ, ಸೂಜಿ ಬಟ್ಟೆಯ ಮೈಗೆ ಹೋಗಬಾರದು. ಅಂಗಿಗೆ ಕಾಲರಿನ ಲೇಬಲ್ ಅಥವಾ ಕೆಳಗಿನ ಗುಂಡಿತೂತು, ಪ್ಯಾಂಟಿಗೆ ಬೆಲ್ಟಿನ ಕುಣಿಕೆ, ಕೋಟಿಗೆ ಒಳಗಿನ ನೇತುಹಾಕುವ ಕುಣಿಕೆ. ಸೀರೆಗೆ ಫಾಲ್ ಹೊಲಿಗೆಯ ಅಂಚು, ಅದೂ ಸೆರಗಿನ ಕಡೆಯಲ್ಲ, ಒಳಗೆ ಸಿಕ್ಕಿಸುವ ತುದಿಯಲ್ಲಿ. ಚೇಲೆಗೆ ಗನ್ ತೋರಿಸಲೇಬೇಡಿ. ಜರಿ ಒಂದು ಎಳೆ ಜಗ್ಗಿದರೆ ಸರಿಮಾಡುವವರು ಸಿಗುವುದಿಲ್ಲ. ಅಂಚಿನ ಕುಚ್ಚಿಗೆ ಹತ್ತಿ ದಾರದಿಂದ ಟ್ಯಾಗನ್ನು ಸಡಿಲವಾಗಿ ಕಟ್ಟಿ, ಚೇಲೆಯನ್ನು ಜಾಲರಿ ಚೀಲಕ್ಕೆ ಹಾಕಿ, ಚೀಲಕ್ಕೂ ಅದೇ ನಂಬರಿನ ಇನ್ನೊಂದು ಟ್ಯಾಗ್ ಹಾಕಿ.

ಕುಪ್ಯದ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು. ಮದುಮಗನ ಬಿಳಿ ಕುಪ್ಯ ಒಂದೊಂದಾಗಿ ಬರುತ್ತದೆ, ಅದರಲ್ಲಿ ಗೊಂದಲವಿಲ್ಲ. ಕರಿಯದು ಹಾಗಲ್ಲ. ಒಂದೇ ಕಪ್ಪು, ಒಂದೇ ಮಾದರಿ, ಅರ್ಧ ತೋಳು, ಮಂಡಿಯವರೆಗಿನ ಉದ್ದ, ಎಷ್ಟೋ ಸಲ ಅದೇ ಪೇಟೆಯ ಅದೇ ದರ್ಜಿಯ ಲೇಬಲ್. ಸಾಮಾನ್ಯ ಅಂಗಿಯ ಟ್ಯಾಗ್ ಬಿದ್ದುಹೋದರೆ ಬಣ್ಣ, ಗೆರೆ, ಕಂಪನಿ ನೋಡಿ ಹುಡುಕಬಹುದು. ಕುಪ್ಯದ ಟ್ಯಾಗ್ ಬಿದ್ದರೆ ಅದು ಅನಾಥ. ಅದಕ್ಕೆ ಎರಡು ಜಾಗ್ರತೆ.

ಒಂದು, ಪ್ರತಿ ಕುಪ್ಯಕ್ಕೂ ಎರಡು ಟ್ಯಾಗ್. ಕತ್ತಿನ ಒಳಗಿನ ಕುಣಿಕೆಗೆ ಒಂದು, ಪಕ್ಕದ ಒಳಹೊಲಿಗೆಯ ಅಂಚಿಗೆ ಇನ್ನೊಂದು. ಎರಡೂ ಒಟ್ಟಿಗೆ ಬೀಳುವುದು ಅಪರೂಪ. ಒಂದು ಬಿದ್ದಿದೆ ಎಂದು ಕಂಡ ಕೂಡಲೇ ಹೊಸದು ಹಾಕಿ, ‘ಇನ್ನೊಂದು ಇದೆಯಲ್ಲ’ ಎಂದು ಬಿಡಬೇಡಿ.

ಎರಡು, ಟೇಪು. ಕುಪ್ಯ ತೆಗೆದುಕೊಳ್ಳುವಾಗ ಬೆನ್ನಿನ ಕಡೆ ಕತ್ತಿನಿಂದ ಕೆಳಗಿನ ಅಂಚಿನವರೆಗೆ ಉದ್ದ, ಆಮೇಲೆ ಒಂದು ಭುಜದಿಂದ ಇನ್ನೊಂದಕ್ಕೆ ಅಗಲ, ಇವೆರಡನ್ನು ಅಳೆದು ಬಿಲ್ಲಿನಲ್ಲಿ ಬರೆಯಿರಿ. 412–1ರ ಎದುರು ‘45, 18’, 412–3ರ ಎದುರು ‘42½, 17’ ಎಂದು. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಒಂದೇ ಉದ್ದದ ಕುಪ್ಯ ಎರಡಿರಬಹುದು, ಉದ್ದವೂ ಭುಜವೂ ಎರಡೂ ಒಂದೇ ಇರುವುದು ಕಡಿಮೆ. ಉಣ್ಣೆ ಬಟ್ಟೆ ಸ್ವಲ್ಪ ಹಿಡಿದುಕೊಳ್ಳಬಹುದು, ಆದ್ದರಿಂದ ಮರಳಿ ಅಳೆಯುವಾಗ ಅರ್ಧ ಇಂಚು ಆಚೀಚೆ ಇದ್ದರೆ ಒಪ್ಪಿಕೊಳ್ಳಿ. ಮೊದಮೊದಲು ಗಿರಾಕಿಗಳು ನಗುತ್ತಾರೆ, ‘ಹೊಸದು ಹೊಲಿದುಕೊಡ್ತೀರಾ’ ಎಂದು ನನಗೂ ಕೇಳಿದ್ದಾರೆ. ನಗಲಿ ಬಿಡಿ.

412ರ ಬಟ್ಟೆಗಳು ಈಗ ಮೈಸೂರಿಗೆ ಹೊರಡಬೇಕು. ಇಲ್ಲಿ ಬಿಲ್ ಒಡೆಯುತ್ತದೆ: ಏಳು ತುಂಡು ಡ್ರೈಕ್ಲೀನಿಂಗಿಗೆ, ಹತ್ತಿ ಬ್ಲೌಸು 8/8 ನಿಮ್ಮಲ್ಲೇ ನೀರಿಗೆ. ಒಡೆದ ಬಿಲ್ಲಿನ ಚಿಕ್ಕ ಭಾಗವೇ ಕಳೆದುಹೋಗುವುದು ಹೆಚ್ಚು, ಒಂದು ಬ್ಲೌಸು ಯಾವ ಮೂಲೆಯಲ್ಲಾದರೂ ಕುಳಿತುಬಿಡುತ್ತದೆ. ಅಂಗಡಿಯ ಪ್ರತಿಯಲ್ಲಿ 1ರಿಂದ 7ರ ಎದುರು ‘ಮೈ’ ಎಂದು ಬರೆಯಿರಿ, 8ರ ಎದುರು ‘ಅಂ’. ಟ್ಯಾಗಿನ ಮೇಲೆ ಮಾತ್ರ 8ರ ಲೆಕ್ಕವನ್ನು ಬದಲಿಸಬೇಡಿ. ಏಳೇ ಹೋಗುತ್ತಿವೆಯಲ್ಲ ಎಂದು ಕೆಲವರು 1/7 ಎಂದು ತಿದ್ದುತ್ತಾರೆ, ಆಗ ಬ್ಲೌಸ್ ಇಲ್ಲದೆಯೇ ಬಿಲ್ ಪೂರ್ತಿಯಾದಂತೆ ಕಾಣುತ್ತದೆ.

ಗಂಟಿನ ಜೊತೆ ಹೋಗುವ ಚೀಟಿಯಲ್ಲಿ ‘ಒಟ್ಟು 23’ ಎಂದಷ್ಟೇ ಬರೆಯುವ ರೂಢಿ ಎಲ್ಲೆಡೆ ಇದೆ. ಆ ಚೀಟಿಯಿಂದ ಜಗಳಕ್ಕೆ ಹೊರತು ಬೇರೆ ಯಾವುದಕ್ಕೂ ಉಪಯೋಗವಿಲ್ಲ. ಬಿಲ್ಲುವಾರು ಬರೆಯಿರಿ: 412ರಲ್ಲಿ 7, 413ರಲ್ಲಿ 3, 415ರಲ್ಲಿ 6, 416ರಲ್ಲಿ 2, 418ರಲ್ಲಿ 5. ಒಟ್ಟು 23. ಎರಡು ಪ್ರತಿ, ಗಾಡಿಯವನ ಸಹಿ, ಒಂದು ಗಂಟಿನೊಳಗೆ, ಒಂದು ನಿಮ್ಮಲ್ಲಿ. ಮರಳಿ ಬಂದಾಗ ಗಾಡಿಯವನು ನಿಂತಿರುವಾಗಲೇ ಅದೇ ಚೀಟಿ ಹಿಡಿದು ಟಿಕ್ ಹಾಕಿ.

ಬಂದದ್ದು 22 ಎಂದುಕೊಳ್ಳಿ. ಟಿಕ್ ಹಾಕಿದಾಗ 415ರಲ್ಲಿ ಐದೇ ಇವೆ, ಇಲ್ಲದ್ದು 4/6. ಬಿಲ್ ನೋಡಿದರೆ ಅದು ಸೂಟಿನ ಪ್ಯಾಂಟು. ಈಗ ಘಟಕಕ್ಕೆ ಫೋನ್ ಮಾಡಿ ‘ಒಂದು ಬಟ್ಟೆ ಕಡಿಮೆ’ ಎಂದು ಹೇಳಬೇಕಾಗಿಲ್ಲ, ‘ಹಳದಿ 415, ನಾಲ್ಕನೆಯದು, ಬೂದು ಪ್ಯಾಂಟು’ ಎನ್ನಬಹುದು. ಅವರು ಹುಡುಕಬಲ್ಲದ್ದು ಅದನ್ನೇ. ಆ ತುದಿಯಲ್ಲಿ ಇದ್ದವನಾಗಿ ಹೇಳುತ್ತೇನೆ, ‘ಒಂದು ಕಡಿಮೆ’ ಎಂಬ ಫೋನಿಗೆ ನಾವು ‘ನೋಡ್ತೇವೆ’ ಎಂದು ಹೇಳಿ ಫೋನ್ ಇಟ್ಟುಬಿಡುತ್ತಿದ್ದೆವು, ಯಾಕೆಂದರೆ ನೋಡಲು ಏನೂ ಇರುತ್ತಿರಲಿಲ್ಲ.

ಇನ್ನೊಂದು ಸಂದರ್ಭ. 23 ಬಂದಿವೆ, ಆದರೆ ಒಂದು ಕುಪ್ಯಕ್ಕೆ ಟ್ಯಾಗ್ ಇಲ್ಲ. ಟಿಕ್ ಮುಗಿದಾಗ ಖಾಲಿ ಉಳಿದದ್ದು 412–3 ಒಂದೇ ಆದರೆ ಆ ಕುಪ್ಯ ಅದೇ, ಚರ್ಚೆ ಇಲ್ಲ. ಆದರೂ ಟೇಪು ಹಿಡಿದು 42½, 17 ಬರುತ್ತದೆಯೇ ನೋಡಿ, ಘಟಕದಲ್ಲಿ ಬೇರೆ ಅಂಗಡಿಯ ಕುಪ್ಯ ನಿಮ್ಮ ಗಂಟಿಗೆ ಬಿದ್ದಿರಲೂಬಹುದು. ಟ್ಯಾಗಿಲ್ಲದ ಕುಪ್ಯ ಎರಡಿದ್ದು, ಖಾಲಿ ಸಾಲೂ ಎರಡಿದ್ದರೆ ಟೇಪು ಬಿಟ್ಟರೆ ಬೇರೆ ದಾರಿಯೇ ಇಲ್ಲ. ‘ಇದು ಅವರದ್ದೇ ಇರಬೇಕು, ಸ್ವಲ್ಪ ಹಳೆಯದಾಗಿ ಕಾಣುತ್ತೆ’ ಎಂದು ಅಂದಾಜಿನಲ್ಲಿ ಟ್ಯಾಗ್ ಹಾಕುವುದಕ್ಕಿಂತ ಟ್ಯಾಗಿಲ್ಲದೆ ಬೇರೆ ಹ್ಯಾಂಗರಿನಲ್ಲಿ ಇಡುವುದು ಲೇಸು. ಅಂದಾಜಿನ ಟ್ಯಾಗ್ ಬಿದ್ದ ಮೇಲೆ ಅದು ಅಂದಾಜು ಎಂಬುದು ಎರಡು ದಿನದಲ್ಲಿ ನಿಮಗೇ ಮರೆತುಹೋಗಿರುತ್ತದೆ.

ಬಿಲ್ಲುಗಳನ್ನು ಜೋಡಿಸುವ ಜಾಗವೂ ಬೇಕು. ಗೋಡೆಯ ಪೈಪನ್ನು 0ರಿಂದ 9ರವರೆಗೆ ಹತ್ತು ಭಾಗ ಮಾಡಿ, ಪ್ರತಿ ಭಾಗಕ್ಕೂ ರಟ್ಟಿನ ಅಂಕಿ ತೂಗುಹಾಕಿ. ಬಿಲ್ಲಿನ ಕೊನೆಯ ಅಂಕಿ ಯಾವುದೋ ಆ ಭಾಗಕ್ಕೆ ಬಟ್ಟೆ ಹೋಗುತ್ತದೆ, 412 ಹೋಗುವುದು 2ಕ್ಕೆ. ಕೊನೆಯ ಅಂಕಿಯೇ ಯಾಕೆ? ಮೂರ್ನಾಲ್ಕು ದಿನದ ಬಿಲ್ಲುಗಳೆಲ್ಲ 4ರಿಂದಲೇ ಶುರುವಾಗಬಹುದು, ಮೊದಲ ಅಂಕಿ ಹಿಡಿದರೆ ಎಲ್ಲವೂ ಒಂದೇ ಕಡೆ ಗುಡ್ಡೆ ಬೀಳುತ್ತವೆ. ಕೊನೆಯ ಅಂಕಿ ಹತ್ತೂ ಕಡೆ ಸಮನಾಗಿ ಹರಡುತ್ತದೆ. ಎಂಟರಲ್ಲಿ ಎಂಟು ಸೇರಿದ ಮೇಲೆ ಒಟ್ಟಿಗೆ ಕಟ್ಟಿ, ಅಂಗಡಿಯ ಬಿಲ್ ಪ್ರತಿ ಸಿಕ್ಕಿಸಿ. ಏಳೇ ಇದ್ದರೆ ಕೆಂಪು ಕ್ಲಿಪ್. ಕೆಂಪು ಕ್ಲಿಪ್ ಇರುವ ಗಂಟನ್ನು ಗಿರಾಕಿ ಅವಸರ ಮಾಡಿ ‘ಇದ್ದಷ್ಟು ಕೊಡಿ’ ಎಂದರೆ ಕೊಡಬಹುದು, ಆದರೆ ಉಳಿದ ತುಂಡಿನ ನಂಬರನ್ನು ಇಬ್ಬರ ಪ್ರತಿಯಲ್ಲೂ ಬರೆದ ಮೇಲೆಯೇ.

ಟ್ಯಾಗನ್ನು ಪ್ಯಾಕ್ ಮಾಡುವಾಗ ತೆಗೆಯುವವರೇ ಹೆಚ್ಚು, ಬಟ್ಟೆ ಅಚ್ಚುಕಟ್ಟಾಗಿ ಕಾಣಲಿ ಎಂದು. ನಾನು ತೆಗೆಯುತ್ತಿರಲಿಲ್ಲ. ಗಿರಾಕಿಯ ಎದುರು 1, 2, 3 ಎಂದು ಟ್ಯಾಗ್ ನೋಡಿ ಎಣಿಸಿ, ಅವರು ಹೂಂ ಎಂದ ಮೇಲೆ ಕತ್ತರಿಯಿಂದ ಕತ್ತರಿಸಿ ಕೊಡುವುದು. ಎಳೆದು ಕೀಳಬೇಡಿ. ರಸೀದಿ ತರದೆ ಡ್ರೈವರನ್ನೋ ತೋಟದ ರೈಟರನ್ನೋ ಕಳಿಸುವುದು ನಮ್ಮಲ್ಲಿ ಮಾಮೂಲು, ತಪ್ಪಿಸಲಾಗುವುದಿಲ್ಲ. ಆಗ ಹೆಸರು ಕೇಳಿ ಕೊಡಬೇಡಿ. ಬಿಲ್ಲಿನಲ್ಲಿರುವ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿ, ಗೊತ್ತಿಲ್ಲದಿದ್ದರೆ ಆ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿ.

ಹೋಂಸ್ಟೇ ಬೆಡ್‌ಶೀಟಿಗೆ ಈ ಟ್ಯಾಗ್ ಹಾಕಲು ಹೋಗಬೇಡಿ. ಒಂದು ಸಲಕ್ಕೆ ನಲವತ್ತು ಬಿಳಿ ಶೀಟು ಬರುವ ಕಡೆ ಪ್ರತಿ ಸಲ ಪ್ರತಿಯೊಂದಕ್ಕೂ ಚೀಟಿ ಹಾಕಿದರೆ ನಿಮ್ಮ ಕೆಲಸ ಅದೇ ಆಗಿಬಿಡುತ್ತದೆ. ಅಲ್ಲಿ ‘ಯಾವ ಶೀಟು’ ಎಂಬುದು ಮುಖ್ಯವಲ್ಲ, ‘ಯಾವ ಹೋಂಸ್ಟೇ, ಎಷ್ಟು’ ಎಂಬುದು ಮಾತ್ರ. ಒಂದು ಹೋಂಸ್ಟೇಗೆ ಒಂದು ಬಣ್ಣದ ದಾರ ಎಂದು ಗೊತ್ತುಮಾಡಿ, ಮಡಿಕೆಯ ಮೂಲೆಯಲ್ಲಿ ಒಮ್ಮೆ ನಾಲ್ಕು ಹೊಲಿಗೆ ಹಾಕಿಸಿಬಿಡಿ, ಶೀಟು ಹರಿಯುವವರೆಗೂ ಉಳಿಯುತ್ತದೆ. ಬಣ್ಣ ಬಿಡದ ಪಾಲಿಯೆಸ್ಟರ್ ದಾರವೇ ಇರಲಿ. ಎಣಿಕೆಗೆ ಒಂದು ಪುಸ್ತಕ: ಡಬಲ್ ಶೀಟು, ಸಿಂಗಲ್ ಶೀಟು, ದಿಂಬಿನ ಕವರು, ಟವೆಲ್ ಎಂದು ಬೇರೆ ಬೇರೆ ಸಾಲು, ಹತ್ತರ ಕಟ್ಟು ಕಟ್ಟಿ ಎಣಿಸಿ ಎರಡು ಕಡೆಯವರ ಸಹಿ. ಹೋಂಸ್ಟೇ ಹುಡುಗ ‘ನಮ್ಮಲ್ಲೇ ಎಣಿಸಿದ್ದೇವೆ’ ಎಂದು ಬಾಗಿಲಲ್ಲೇ ಮೂಟೆ ಇಟ್ಟು ಹೋಗುತ್ತಾನೆ. ಅವನನ್ನು ನಿಲ್ಲಿಸಿಕೊಳ್ಳಲಾಗದಿದ್ದರೆ, ಬಿಚ್ಚಿದ ಕೂಡಲೇ ಎಣಿಸಿ ಆ ಲೆಕ್ಕವನ್ನು ಮಾಲೀಕರಿಗೆ ವಾಟ್ಸಾಪ್ ಮಾಡಿ, ಒಗೆದ ಮೇಲೆ ಅಲ್ಲ. ತೂಕದ ಲೆಕ್ಕ ನಂಬಬೇಡಿ, ಮಳೆಗಾಲದಲ್ಲಿ ಮೂಟೆಯಲ್ಲಿ ಅರ್ಧ ನೀರೇ ಇರುತ್ತದೆ.

ಈಗ ನಿಮ್ಮ ಅಂಗಡಿಯಲ್ಲಿ ನೇತಾಡುತ್ತಿರುವ ಆ ಎರಡು ಕುಪ್ಯ. ಇಬ್ಬರೂ ಎರಡನ್ನೂ ಬೇಡವೆಂದರು ಎಂದು ನೀವು ತಲೆ ಕೆಡಿಸಿಕೊಂಡಿದ್ದೀರಿ. ಆದರೆ ಅವರು ಹೇಳುವುದು ನಿಜವಾದರೆ ಅದರಲ್ಲೇ ಒಂದು ಸುಳಿವಿದೆ. ಉಳಿದ ಎರಡು ಕುಪ್ಯ ಬೇರೆ ಇಬ್ಬರದ್ದು, ಆ ಬೇರೆ ಇಬ್ಬರು ತಮಗೆ ಗೊತ್ತಿಲ್ಲದೆ ಇವರ ಕುಪ್ಯಗಳನ್ನು ಒಯ್ದಿದ್ದಾರೆ. ಒಯ್ದವರು ದೂರು ಕೊಡುವುದಿಲ್ಲ, ಯಾಕೆಂದರೆ ಅವರು ಕವರನ್ನೇ ಬಿಚ್ಚಿರುವುದಿಲ್ಲ, ಅಥವಾ ಹಬ್ಬದ ದಿನ ‘ಸ್ವಲ್ಪ ಬಿಗಿಯಾಗಿದೆ’ ಎಂದುಕೊಂಡು ಸುಮ್ಮನಾಗಿರುತ್ತಾರೆ. ಇನ್ನೊಂದು ಸಾಧ್ಯತೆ, ಘಟಕದಲ್ಲೇ ಬೇರೆ ಅಂಗಡಿಯ ಗಂಟಿನೊಡನೆ ಅದಲುಬದಲಾಗಿರುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಎರಡೂ ಕುಪ್ಯವನ್ನು ಅಳೆದು ಬರೆದಿಟ್ಟುಕೊಳ್ಳಿ, ಲೇಬಲ್, ಒಳಪದರದ ಬಟ್ಟೆ, ತೇಪೆ, ಗುಂಡಿ ಏನಿದೆಯೋ ಗುರುತಿಸಿ. ಆಮೇಲೆ ಅದೇ ಗಂಟಿನಲ್ಲಿ ಕುಪ್ಯ ಕೊಟ್ಟಿದ್ದ ಎಲ್ಲರ ಪಟ್ಟಿ ಮಾಡಿ, ಮೊದಲು ಅವರಿಬ್ಬರ ಹೆಸರನ್ನೋ ಮನೆಹೆಸರನ್ನೋ ಹೋಲುವವರಿಗೆ, ಅವರು ಬಂದ ದಿನವೇ ಬಟ್ಟೆ ಒಯ್ದವರಿಗೆ ಫೋನ್ ಮಾಡಿ. ‘ನಿಮ್ಮ ಬಳಿ ಬೇರೆಯವರದ್ದು ಬಂದಿದೆಯೇ’ ಎಂದು ಕೇಳಬೇಡಿ, ಇಲ್ಲ ಎಂಬ ಉತ್ತರ ಬಾಯಿತುದಿಯಲ್ಲೇ ಇರುತ್ತದೆ. ‘ನಮ್ಮಿಂದ ಒಂದು ತಪ್ಪಾಗಿದೆ, ಕುಪ್ಯವನ್ನು ಒಮ್ಮೆ ಹಾಕಿ ನೋಡಿ, ಉದ್ದ ಎಷ್ಟಿದೆ ಹೇಳ್ತೀರಾ’ ಎಂದು ಕೇಳಿ. ದೂರು ಕೊಟ್ಟ ಇಬ್ಬರ ಬೇರೆ ಹಳೆಯ ಕುಪ್ಯವೋ ಕೋಟೋ ಇದ್ದರೆ ಅದರ ಭುಜದ ಅಳತೆ ಮೊದಲೇ ಪಡೆದಿರಿ, ಹೋಲಿಸಲು ಬೇಕಾಗುತ್ತದೆ. ಇದನ್ನು ಈ ವಾರವೇ ಮಾಡಿ. ಕಾವೇರಿ ಸಂಕ್ರಮಣಕ್ಕೆ, ಆಮೇಲೆ ಹುತ್ತರಿಗೆ ಕುಪ್ಯಗಳು ಮತ್ತೆ ಬೀರುವಿನಿಂದ ಹೊರಬರುತ್ತವೆ. ಒಂದು ಸಲ ತೊಟ್ಟು ಮತ್ತೆ ಯಾವುದೋ ಲಾಂಡ್ರಿಗೆ ಹೋದ ಮೇಲೆ ಆ ಜಾಡು ಹಿಡಿಯುವುದು ಬಹಳ ಕಷ್ಟ.